ಅಂಕಪಟ್ಟಿಯ ಫೋಟೋದಿಂದ ಫಲಿತಾಂಶದ ಹಾಳೆ: ಮೊತ್ತ, ಸ್ಥಾನ ಮತ್ತು ತಾಳೆ ನೋಡುವ ಬಗೆ

ಪೂರ್ವಸಿದ್ಧತಾ ಪರೀಕ್ಷೆ ಮುಗಿದ ವಾರದಲ್ಲಿ ಬಾಗಲಕೋಟೆ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಒಂದೇ ಕೆಲಸ ಎಲ್ಲರ ಮೇಲೂ ಬರುತ್ತದೆ. ತರಗತಿ ಶಿಕ್ಷಕರು ರಿಜಿಸ್ಟರಿನಲ್ಲಿ ಅಂಕ ಬರೆದು, ಹಾಳೆಯ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳುಹಿಸುತ್ತಾರೆ. ಅದನ್ನು ಕಂಪ್ಯೂಟರಿಗೆ ಏರಿಸಿ, ಮೊತ್ತ ಹಾಕಿ, ಮೊದಲ ಸ್ಥಾನ ಯಾರದು, ಯಾವ ವಿಷಯದಲ್ಲಿ ಎಷ್ಟು ಜನ ಹಿಂದೆ ಬಿದ್ದಿದ್ದಾರೆ ಎಂದು ಪಾಲಕರ ಸಭೆಗೆ ಮೊದಲೇ ತಯಾರು ಮಾಡಬೇಕು. ಚಿತ್ರದಿಂದ ಅಂಕಿಗಳನ್ನು ಓದಿ ತೆಗೆಯುವ ಸೌಲಭ್ಯ ಈಗ ಮೊಬೈಲಿನಲ್ಲೇ ಇದೆ. ಆದರೆ ಅದು ಓದಿದ್ದನ್ನು ಹಾಗೆಯೇ ನಂಬಿ ರ್ಯಾಂಕ್ ಪಟ್ಟಿ ಅಂಟಿಸಿದರೆ, ಒಂದು 8 ಅನ್ನು 3 ಎಂದು ಓದಿದ ಕಾರಣಕ್ಕೆ ಒಂದು ಮಗುವಿನ ಸ್ಥಾನ ಕೆಳಗೆ ಇಳಿದಿರುತ್ತದೆ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಸೂತ್ರಗಳಿಗಿಂತ ಹೆಚ್ಚಿನ ಜಾಗವನ್ನು ತಾಳೆ ನೋಡುವುದಕ್ಕೆ ಕೊಟ್ಟಿದ್ದೇನೆ.

ನನ್ನ ಮುಖ್ಯ ಸಲಹೆ ಒಂದೇ: ಶಿಕ್ಷಕರು ಕೈಯಿಂದ ಕೂಡಿ ಬರೆದ ಮೊತ್ತದ ಕಾಲಮ್ಮನ್ನು ಬಿಸಾಡಬೇಡಿ. ಹೇಗೂ ಕಂಪ್ಯೂಟರ್ ಕೂಡುತ್ತದೆ ಎಂದು ಹೆಚ್ಚಿನವರು ಆ ಕಾಲಮ್ಮನ್ನು ಬಿಟ್ಟೇ ಚಿತ್ರ ಕತ್ತರಿಸುತ್ತಾರೆ. ಆದರೆ ಅಂಕಿಗಳನ್ನು ಸರಿಯಾಗಿ ಓದಲಾಗಿದೆಯೇ ಎಂದು ಹೇಳಬಲ್ಲ ಸಾಕ್ಷಿ ಇರುವುದು ಅದೊಂದರಲ್ಲೇ.

ಫೋಟೋ

ರಿಜಿಸ್ಟರನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟು, ಕಿಟಕಿಯ ಬೆಳಕಿನಲ್ಲಿ, ನೇರ ಮೇಲಿನಿಂದ ಫೋಟೋ ತೆಗೆಯಿರಿ. ಓರೆಯಾಗಿ ತೆಗೆದರೆ ಕೆಳಗಿನ ಸಾಲುಗಳು ಬಾಗಿ, ಒಬ್ಬರ ಅಂಕ ಪಕ್ಕದ ಸಾಲಿಗೆ ಜಾರುತ್ತದೆ. ಹೊಲಿದ ರಿಜಿಸ್ಟರಾದರೆ ನಡುವಿನ ಮಡಿಕೆಯ ಬಳಿ ಅಕ್ಷರಗಳು ಒಳಗೆ ಮುಳುಗುತ್ತವೆ. ಎಡ ಮತ್ತು ಬಲ ಪುಟಗಳನ್ನು ಬೇರೆ ಬೇರೆ ತೆಗೆಯುವುದು ಒಳ್ಳೆಯದು. ಹಾಗೆ ಎರಡು ಫೋಟೋ ಮಾಡುವಾಗ ಬಲ ಪುಟದ ಅಂಚಿನಲ್ಲೂ ಕ್ರಮಸಂಖ್ಯೆಯನ್ನು ಪೆನ್ಸಿಲಿನಿಂದ ಬರೆದುಕೊಳ್ಳಿ. ಇಲ್ಲದಿದ್ದರೆ ಎರಡನ್ನೂ ಜೋಡಿಸುವಾಗ ಯಾವ ಸಾಲು ಯಾರದು ಎಂಬುದಕ್ಕೆ ಆಧಾರವೇ ಇರುವುದಿಲ್ಲ.

ವಾಟ್ಸಾಪ್‌ನಲ್ಲಿ ಚಿತ್ರವಾಗಿ ಕಳುಹಿಸಿದರೆ ಅದು ಗಾತ್ರ ಕುಗ್ಗಿ ಬರುತ್ತದೆ, ಅಂಕಿಗಳ ಅಂಚು ಮಸುಕಾಗುತ್ತದೆ. ಕಳುಹಿಸುವವರಿಗೆ ಅದನ್ನು ಡಾಕ್ಯುಮೆಂಟ್ ಆಗಿ ಕಳುಹಿಸಲು ಹೇಳಿ. ಚಿತ್ರವನ್ನು ಕಪ್ಪು-ಬಿಳುಪು ಮಾಡುವ ಸ್ಕ್ಯಾನರ್ ಆ್ಯಪ್‌ಗಳನ್ನು ಇಲ್ಲಿ ಬಳಸಬೇಡಿ. ಕಡಿಮೆ ಅಂಕ ಬಂದವರ ಅಂಕಿಗೆ ಶಿಕ್ಷಕರು ಕೆಂಪು ಶಾಯಿಯಿಂದ ಸುತ್ತು ಹಾಕಿರುತ್ತಾರೆ. ಬಣ್ಣ ಇದ್ದಾಗ ಅದು ಸುತ್ತು ಎಂದು ನಮಗೆ ತಿಳಿಯುತ್ತದೆ. ಬಣ್ಣ ಹೋದರೆ ಆ ಸುತ್ತು ಅಂಕಿಗೆ ಅಂಟಿಕೊಂಡು 26 ಎಂಬುದು 20 ಆಗಿಯೋ 28 ಆಗಿಯೋ ಕಾಣುತ್ತದೆ. ಪಾಸು-ನಪಾಸಿನ ಗಡಿಯಲ್ಲಿರುವ ಅಂಕಿಗೇ ಹೀಗಾಗುವುದರಿಂದ ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಚಿತ್ರದಿಂದ ಅಂಕಿಗಳು

ಎಕ್ಸೆಲ್‌ನ ಮೊಬೈಲ್ ಆ್ಯಪ್‌ನಲ್ಲಿ ಕ್ಯಾಮೆರಾ ಇರುವ ಪಟ್ಟಿಯ ಚಿಹ್ನೆಯೊಂದಿದೆ, ಅದರ ಹೆಸರು `Data from Picture`. ಮೈಕ್ರೋಸಾಫ್ಟ್ 365 ಇರುವ ಕಂಪ್ಯೂಟರಿನಲ್ಲಿ ಇದೇ ಸೌಲಭ್ಯ `Data` ಪಟ್ಟಿಯ `From Picture` ಅಡಿಯಲ್ಲಿ ಸಿಗುತ್ತದೆ. ಚಿತ್ರ ಕೊಟ್ಟ ಮೇಲೆ ಅದು ತನಗೆ ಸಂಶಯವಿರುವ ಮನೆಗಳಿಗೆ ಬಣ್ಣ ಹಚ್ಚಿ ತೋರಿಸುತ್ತದೆ. ಒಂದೊಂದನ್ನೂ ಒತ್ತಿ ಮೂಲದೊಂದಿಗೆ ಹೋಲಿಸಿ ತಿದ್ದಿ, ಕೊನೆಗೆ ಹಾಳೆಗೆ ಸೇರಿಸಬೇಕು. ಬಣ್ಣ ಹಚ್ಚದ ಮನೆಗಳೆಲ್ಲ ಸರಿ ಎಂದು ಮಾತ್ರ ತಿಳಿಯಬೇಡಿ. ತಪ್ಪನ್ನು ಪೂರ್ಣ ವಿಶ್ವಾಸದಿಂದ ಓದಿದ ಮನೆಗೆ ಬಣ್ಣ ಬರುವುದೇ ಇಲ್ಲ.

ಇದಕ್ಕೆ ಕನ್ನಡ ಲಿಪಿ ಬಾರದು. ಹೆಸರಿನ ಕಾಲಮ್ ಸೇರಿಸಿ ಕೊಟ್ಟರೆ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ. ಆ ಗೊಂದಲದಲ್ಲಿ ಪಕ್ಕದ ಅಂಕಿಗಳೂ ಕೆಡುತ್ತವೆ. ಆದ್ದರಿಂದ ಚಿತ್ರವನ್ನು ಕತ್ತರಿಸುವಾಗ ಹೆಸರನ್ನು ಬಿಟ್ಟು, ಮೊದಲ ವಿಷಯದಿಂದ ಮೊತ್ತದ ಕಾಲಮ್‌ವರೆಗೆ ಮಾತ್ರ ಇಟ್ಟುಕೊಳ್ಳಿ. ಹೆಸರುಗಳು ಶಾಲೆಯ ಹಾಜರಿ ಪಟ್ಟಿಯಲ್ಲಿ ಹೇಗೂ ಇರುತ್ತವೆ, ಅಲ್ಲಿಂದ ಅಂಟಿಸಿ. ಆ ಪಟ್ಟಿ ನುಡಿಯ ಹಳೆಯ ಫಾಂಟ್‌ನಲ್ಲಿ ಟೈಪ್ ಆಗಿದ್ದರೆ ಎಕ್ಸೆಲ್‌ಗೆ ಬಂದಾಗ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಮೊದಲು ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಹಾಜರಿ ಪಟ್ಟಿಯೇ ಇಲ್ಲವಾದರೆ ಗೂಗಲ್ ಲೆನ್ಸ್ ಕನ್ನಡವನ್ನು ಓದುತ್ತದೆ. ಮುದ್ರಿತ ಹೆಸರುಗಳನ್ನು ಅದರಿಂದ ನಕಲು ಮಾಡಿಕೊಳ್ಳಬಹುದು.

ಚಿತ್ರ ಓದುವ ಸೌಲಭ್ಯ ಹೆಚ್ಚು ಉಪಯೋಗಕ್ಕೆ ಬರುವುದು ಮುದ್ರಿತ ಪಟ್ಟಿಗೆ. ಬಾಲ್ ಪೆನ್ನಿನಲ್ಲಿ ಅವಸರದಿಂದ ಬರೆದ ಹಾಳೆಯಾದರೆ, ಮೊದಲ ಐದು ಸಾಲುಗಳನ್ನು ಓದಿಸಿ ನೋಡಿ. ಅಷ್ಟರಲ್ಲೇ ನಾಲ್ಕಾರು ಕಡೆ ತಿದ್ದಬೇಕಾಗಿ ಬಂದರೆ ಆ ದಾರಿ ಬಿಟ್ಟುಬಿಡಿ. 42 ಮಕ್ಕಳು, 6 ವಿಷಯ ಎಂದರೆ 252 ಅಂಕಿ. ಒಬ್ಬರು ಗಟ್ಟಿಯಾಗಿ ಓದಿ, ಇನ್ನೊಬ್ಬರು ಟೈಪ್ ಮಾಡಿದರೆ ಬೇಗ ಮುಗಿಯುತ್ತದೆ. ಕೆಳಗಿನ ತಾಳೆಗಳು ಟೈಪ್ ಮಾಡಿದ ಹಾಳೆಗೂ ಅಷ್ಟೇ ಅನ್ವಯಿಸುತ್ತವೆ.

ಕೆಲವು ಶಿಕ್ಷಕರು ಕನ್ನಡ ಅಂಕಿಗಳಲ್ಲೇ ಬರೆಯುತ್ತಾರೆ. ನಿಪ್ಪಾಣಿ, ಖಾನಾಪುರ ಕಡೆಯ ಮರಾಠಿ ಮಾಧ್ಯಮದ ಶಾಲೆಗಳಿಂದ ಬಂದ ಹಾಳೆಯಲ್ಲಿ ದೇವನಾಗರಿ ಅಂಕಿಗಳಿರಬಹುದು. ಇಂಥವನ್ನು ಚಿತ್ರದಿಂದ ಓದಿಸುವುದು ಬೇಡ. ಕನ್ನಡದ ೧ ಸೊನ್ನೆಯಂತೆ ಕಾಣುತ್ತದೆ, ೬ ಮತ್ತು ೯ ಒಂದಕ್ಕೊಂದು ಹೋಲುತ್ತವೆ. ಓದುವ ಯಂತ್ರ ಇವುಗಳಲ್ಲಿ ಸುಲಭವಾಗಿ ಎಡವುತ್ತದೆ. ಕನ್ನಡ ಅಂಕಿ ಸರಿಯಾಗಿ ಬಂದರೂ ಹಾಳೆ ಅದನ್ನು ಅಕ್ಷರವೆಂದು ತಿಳಿಯುತ್ತದೆ, ಕೂಡುವುದಿಲ್ಲ. ನೀವೇ 0 ಯಿಂದ 9ರ ಅಂಕಿಗಳಲ್ಲಿ ಟೈಪ್ ಮಾಡಿಕೊಳ್ಳಿ.

ಒಂದು ಎಚ್ಚರಿಕೆ: ಚಿತ್ರವನ್ನು ಎಕ್ಸೆಲ್ ಮಾಡಿಕೊಡುತ್ತೇವೆ ಎನ್ನುವ ಗೊತ್ತಿಲ್ಲದ ಜಾಲತಾಣಗಳಿಗೆ ಮಕ್ಕಳ ಹೆಸರು, ಅಂಕ ಇರುವ ಹಾಳೆಯನ್ನು ಏರಿಸಬೇಡಿ. ಅಲ್ಲಿ ಆ ಚಿತ್ರ ಎಷ್ಟು ದಿನ ಉಳಿಯುತ್ತದೆ, ಯಾರ ಕೈಗೆ ಹೋಗುತ್ತದೆ ಎಂಬುದು ನಮ್ಮ ಹಿಡಿತದಲ್ಲಿರುವುದಿಲ್ಲ.

ಹಾಳೆಯ ವಿನ್ಯಾಸ

ಎಸ್‌ಎಸ್‌ಎಲ್‌ಸಿಯ ಲಿಖಿತ ಪತ್ರಿಕೆಗಳಲ್ಲಿ ಪ್ರಥಮ ಭಾಷೆಗೆ 100, ಉಳಿದ ಐದಕ್ಕೆ ತಲಾ 80, ಒಟ್ಟು 500. ಆಂತರಿಕ ಅಂಕ 125 ಸೇರಿದಾಗ 625 ಆಗುತ್ತದೆ. ಇಲ್ಲಿ ಲಿಖಿತ ಅಂಕಗಳ 500ರ ಹಾಳೆಯನ್ನೇ ತೆಗೆದುಕೊಳ್ಳೋಣ. ಹಾಳೆಯ ಹೆಸರನ್ನು "ಅಂಕಗಳು" ಎಂದು ಇಡಿ. ಕಾಲಮ್‌ಗಳು ಹೀಗಿರಲಿ: A ಕ್ರಮಸಂಖ್ಯೆ, B ಹೆಸರು, C ಕನ್ನಡ, D ಇಂಗ್ಲಿಷ್, E ಹಿಂದಿ, F ಗಣಿತ, G ವಿಜ್ಞಾನ, H ಸಮಾಜ ವಿಜ್ಞಾನ, I ರಿಜಿಸ್ಟರಿನಲ್ಲಿರುವ ಮೊತ್ತ. ಇಲ್ಲಿಯವರೆಗೆ ಕಾಗದದಿಂದ ಬಂದದ್ದು. ಮುಂದೆ ಸೂತ್ರಗಳು: J ಮೊತ್ತ, K ವ್ಯತ್ಯಾಸ, L ತಾಳೆ, M ಶೇಕಡಾ, N ಫಲಿತಾಂಶ, O ಸ್ಥಾನ.

ಮೊದಲ ಸಾಲು ಶೀರ್ಷಿಕೆ. ಎರಡನೆಯ ಸಾಲಿನಲ್ಲಿ ಪ್ರತಿ ವಿಷಯದ ಗರಿಷ್ಠ ಅಂಕ, ಮೂರನೆಯ ಸಾಲಿನಲ್ಲಿ ಕನಿಷ್ಠ ಅಂಕ. ಮಕ್ಕಳ ಸಾಲುಗಳು ನಾಲ್ಕರಿಂದ ಆರಂಭವಾಗುತ್ತವೆ. 42 ಮಕ್ಕಳಿದ್ದರೆ 45ನೇ ಸಾಲಿಗೆ ಮುಗಿಯುತ್ತವೆ. ಗರಿಷ್ಠ, ಕನಿಷ್ಠ ಅಂಕಗಳನ್ನು ಸೂತ್ರದೊಳಗೆ ಹುದುಗಿಸದೆ ಹೀಗೆ ಸಾಲಿನಲ್ಲಿ ಬರೆಯುವುದರಿಂದ, ಕನಿಷ್ಠ ಅಂಕದ ನಿಯಮ ಬದಲಾದ ವರ್ಷ ಮೂರನೆಯ ಸಾಲನ್ನು ಮಾತ್ರ ತಿದ್ದಿದರೆ ಸಾಕು. ಉದಾಹರಣೆಗಾಗಿ ನಾನು ಕನ್ನಡಕ್ಕೆ 35, ಉಳಿದವಕ್ಕೆ 28 ಇಟ್ಟುಕೊಂಡಿದ್ದೇನೆ. ನಿಮಗೆ ಈಗ ಅನ್ವಯಿಸುವ ಅಂಕವನ್ನು ನೀವು ಬರೆಯಿರಿ.

ಪರೀಕ್ಷೆಗೆ ಬಾರದವರ ಮನೆಯನ್ನು ಖಾಲಿ ಬಿಡಬೇಡಿ, ಸೊನ್ನೆಯನ್ನೂ ಹಾಕಬೇಡಿ. ಸೊನ್ನೆ ಎಂದರೆ ಬರೆದು ಏನೂ ಅಂಕ ಬರಲಿಲ್ಲ ಎಂದಾಗುತ್ತದೆ. ಖಾಲಿ ಎಂದರೆ ಅಂಕ ಏರಿಸುವುದು ಮರೆತಿದೆಯೋ ಏನೋ ಎಂದಾಗುತ್ತದೆ. ಅಲ್ಲಿ "ಗೈ" ಎಂದು ಬರೆಯಿರಿ. ಒಮ್ಮೆ ಟೈಪ್ ಮಾಡಿ ಉಳಿದ ಕಡೆ ಅದನ್ನೇ ನಕಲು ಮಾಡಿ. ಒಂದು ಕಡೆ "ಗೈ", ಇನ್ನೊಂದು ಕಡೆ "ಗೈರು" ಎಂದಾದರೆ ಸೂತ್ರಕ್ಕೆ ಎರಡೂ ಬೇರೆ.

ಮೊತ್ತ ಮತ್ತು ತಾಳೆ

J2ರಲ್ಲಿ ಗರಿಷ್ಠ ಅಂಕಗಳ ಮೊತ್ತ:

```
=SUM(C2:H2)
```

ನಾಲ್ಕನೆಯ ಸಾಲಿನಲ್ಲಿ J, K, L ಕಾಲಮ್‌ಗಳಿಗೆ ಕ್ರಮವಾಗಿ ಈ ಮೂರು:

```
=SUM(C4:H4)
=J4-I4
=IF(COUNT(C4:H4)+COUNTIF(C4:H4,"ಗೈ")=6,"ಸರಿ","ನೋಡಿ")
```

ಮೂರನ್ನೂ 45ನೇ ಸಾಲಿನವರೆಗೆ ಎಳೆಯಿರಿ. ಮೂರನೆಯ ಸೂತ್ರ ಕೇಳುವುದು ಇಷ್ಟೇ: ಈ ಸಾಲಿನ ಆರು ಮನೆಗಳಲ್ಲಿ ನಿಜವಾದ ಸಂಖ್ಯೆಗಳು ಎಷ್ಟು, "ಗೈ" ಎಷ್ಟು, ಎರಡೂ ಸೇರಿ ಆರು ಆಗುತ್ತದೆಯೇ? ಆಗದಿದ್ದರೆ ಎಲ್ಲೋ ಖಾಲಿ ಮನೆಯಿದೆ, ಇಲ್ಲವೇ ಸಂಖ್ಯೆಯಂತೆ ಕಾಣುವ ಅಕ್ಷರವಿದೆ.

ಗರಿಷ್ಠ ಅಂಕ ಮೀರಿದ್ದನ್ನು ಹಿಡಿಯಲು C4ರಿಂದ H45ರವರೆಗೆ ಆಯ್ದುಕೊಂಡು `Conditional Formatting`ನಲ್ಲಿ ಈ ಸೂತ್ರ ಕೊಟ್ಟು ಕೆಂಪು ಬಣ್ಣ ಆರಿಸಿ:

```
=AND(ISNUMBER(C4),C4>C$2)
```

ರಿಜಿಸ್ಟರಿನ ಉದ್ದಗೆರೆ ಅಂಕಿಗೆ ಹತ್ತಿಕೊಂಡು 1 ಆಗಿ ಓದಲ್ಪಡುವುದುಂಟು. 47 ಎಂಬುದು 147 ಆಗಿಯೋ 471 ಆಗಿಯೋ ಬರುತ್ತದೆ. ಅಂಥದ್ದು ತಕ್ಷಣ ಕೆಂಪಾಗುತ್ತದೆ.

ಈಗ ಆರು ಸಾಲುಗಳನ್ನು ತೆಗೆದುಕೊಂಡು ನೋಡೋಣ. ಹೆಸರುಗಳು ಕಲ್ಪಿತ. ರಿಜಿಸ್ಟರಿನಲ್ಲಿ ಇರುವುದು ಹೀಗೆ:

| | ಕನ್ನಡ | ಇಂಗ್ಲಿಷ್ | ಹಿಂದಿ | ಗಣಿತ | ವಿಜ್ಞಾನ | ಸಮಾಜ | ಮೊತ್ತ |
|---|---|---|---|---|---|---|---|
| ಬಸವರಾಜ | 81 | 58 | 66 | 47 | 52 | 63 | 367 |
| ರೇಣುಕಾ | 92 | 71 | 74 | 68 | 65 | 70 | 440 |
| ದಾವಲಸಾಬ | 74 | 49 | 61 | ಗೈ | 44 | 55 | 283 |
| ಸಾವಿತ್ರಿ | 88 | 70 | 72 | 77 | 66 | 67 | 440 |
| ಮಲ್ಲಪ್ಪ | 63 | 34 | 45 | 26 | 31 | 40 | 249 |
| ಶಿವಾನಂದ | 79 | 62 | 64 | 59 | 57 | 61 | 382 |

ಚಿತ್ರ ಓದಿಸಿದ ಮೇಲೆ ಹಾಳೆಯಲ್ಲಿ ಕೂತದ್ದು ಹೀಗೆ:

| | ಕನ್ನಡ | ಇಂಗ್ಲಿಷ್ | ಹಿಂದಿ | ಗಣಿತ | ವಿಜ್ಞಾನ | ಸಮಾಜ | ವ್ಯತ್ಯಾಸ | ತಾಳೆ |
|---|---|---|---|---|---|---|---|---|
| ಬಸವರಾಜ | 81 | 53 | 66 | 47 | 52 | 63 | -5 | ಸರಿ |
| ರೇಣುಕಾ | 92 | 71 | 74 | 68 | 65 | 70 | 0 | ಸರಿ |
| ದಾವಲಸಾಬ | 74 | 49 | 61 | 44 | 55 | | 0 | ನೋಡಿ |
| ಸಾವಿತ್ರಿ | 88 | 70 | 72 | 71 | 66 | 67 | -6 | ಸರಿ |
| ಮಲ್ಲಪ್ಪ | 63 | 34 | 45 | 26 | 31 | 40 | -10 | ಸರಿ |
| ಶಿವಾನಂದ | 79 | 6Z | 64 | 59 | 57 | 61 | -62 | ನೋಡಿ |

ವ್ಯತ್ಯಾಸದ ಅಂಕಿ ತಪ್ಪು ಇದೆ ಎಂದಷ್ಟೇ ಹೇಳುವುದಿಲ್ಲ, ತಪ್ಪು ಯಾವ ಬಗೆಯದು ಎಂಬ ಸುಳಿವನ್ನೂ ಕೊಡುತ್ತದೆ. ವ್ಯತ್ಯಾಸ 5 ಬಂದರೆ ಮೊದಲು 3 ಮತ್ತು 8ರ ಜೋಡಿಯನ್ನು ಹುಡುಕಬೇಕು. ಬಸವರಾಜನ ಸಾಲಿನಲ್ಲಿ 53 ಮತ್ತು 63, ಎರಡರಲ್ಲೂ ಕೊನೆಯ ಅಂಕಿ 3. ಚಿತ್ರವನ್ನು ಹಿಗ್ಗಿಸಿ ಆ ಎರಡನ್ನೇ ನೋಡಿದರೆ ಸಾಕು, ಇಂಗ್ಲಿಷ್‌ನ 58 ಸಿಕ್ಕಿಬಿಡುತ್ತದೆ. ವ್ಯತ್ಯಾಸ 6 ಆದರೆ 1 ಮತ್ತು 7, ಇಲ್ಲವೇ 0 ಮತ್ತು 6. ಸಾವಿತ್ರಿಯ ಗಣಿತದ 77ರಲ್ಲಿ ಕೊನೆಯ 7ರ ತಲೆಗೆರೆ ಮಾಸಿ 71 ಆಗಿತ್ತು. ಶಿವಾನಂದನ -62 ಬೇರೆಯೇ ಜಾತಿಯದು. ವ್ಯತ್ಯಾಸವು ಒಂದು ವಿಷಯದ ಪೂರ್ತಿ ಅಂಕದಷ್ಟು ದೊಡ್ಡದಾಗಿದ್ದರೆ ಆ ಮನೆ ಲೆಕ್ಕಕ್ಕೇ ಬಂದಿಲ್ಲ ಎಂದರ್ಥ. 62ರ 2 ಇಲ್ಲಿ ಇಂಗ್ಲಿಷ್ ಅಕ್ಷರ Z ಆಗಿ ಬಂದಿದೆ. `SUM` ಅಕ್ಷರವನ್ನು ಕಂಡರೆ ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತದೆ, ದೂರು ಕೊಡುವುದಿಲ್ಲ. ಸೊನ್ನೆಯ ಬದಲು O, ಒಂದರ ಬದಲು l, ಐದರ ಬದಲು S ಬರುವುದೂ ಹೀಗೆಯೇ. ಹಾಳೆಯಲ್ಲಿ ಸಂಖ್ಯೆಗಳು ಮನೆಯ ಬಲಕ್ಕೆ ಒತ್ತಿ ನಿಲ್ಲುತ್ತವೆ, ಅಕ್ಷರಗಳು ಎಡಕ್ಕೆ. ಜೋಡಣೆಯನ್ನು ನೀವು ಬದಲಿಸಿರದಿದ್ದರೆ ಕಣ್ಣಿಗೇ ಕಾಣುತ್ತದೆ.

ಕೈಯಿಂದ ಟೈಪ್ ಮಾಡಿದ ಹಾಳೆಯಲ್ಲಿ ಇನ್ನೊಂದು ಗುರುತು ಸಿಗುತ್ತದೆ. ವ್ಯತ್ಯಾಸ 9, 18, 27 ಹೀಗೆ ಒಂಬತ್ತರ ಮಗ್ಗಿಯಲ್ಲಿದ್ದರೆ ಎರಡು ಅಂಕಿಗಳು ಹಿಂದುಮುಂದಾಗಿರುವ ಸಾಧ್ಯತೆ ಹೆಚ್ಚು. 63ರ ಬದಲು 36 ಹೊಡೆದರೆ ವ್ಯತ್ಯಾಸ 27.

ಮಲ್ಲಪ್ಪನ -10 ಹೆಚ್ಚು ಸೂಕ್ಷ್ಮ. ಹತ್ತರ ವ್ಯತ್ಯಾಸಕ್ಕೆ ಎರಡು ಕಾರಣಗಳಿರಬಹುದು: ಯಾವುದೋ ಅಂಕದ ಹತ್ತರ ಸ್ಥಾನವನ್ನು ತಪ್ಪಾಗಿ ಓದಿರಬಹುದು, ಇಲ್ಲವೇ ಶಿಕ್ಷಕರು ಕೂಡುವಾಗ ದಶಕದಲ್ಲಿ ಒಂದು ಹೆಚ್ಚು ಹಿಡಿದಿರಬಹುದು. ಚಿತ್ರದಲ್ಲಿ ಆರೂ ಅಂಕಗಳು ಹಾಳೆಯಲ್ಲಿದ್ದಂತೆಯೇ ಇವೆ, ಕೂಡಿದರೆ 239. ರಿಜಿಸ್ಟರಿನಲ್ಲಿ 249 ಬರೆದಿದೆ. ಆದರೆ ಇಲ್ಲಿ ನೀವೇ ತೀರ್ಮಾನಕ್ಕೆ ಬರಬೇಡಿ. ಮೊತ್ತ ಸರಿಯಿದ್ದು, ಉತ್ತರ ಪತ್ರಿಕೆಯಿಂದ ರಿಜಿಸ್ಟರಿಗೆ ಇಳಿಸುವಾಗ ಗಣಿತದ 36 ಎಂಬುದು 26 ಆಗಿರಲೂಬಹುದು. ಕನಿಷ್ಠ ಅಂಕ 28 ಇರುವಾಗ ಆ ಹುಡುಗನಿಗೆ ಅದು ಪಾಸು-ನಪಾಸಿನ ಪ್ರಶ್ನೆ. "ಸರ್, 17ನೇ ನಂಬರಿನ ಮೊತ್ತ ಹತ್ತು ಹೆಚ್ಚಿದೆ, ಗಣಿತದ ಪೇಪರ್ ಒಮ್ಮೆ ನೋಡುತ್ತೀರಾ" ಎಂದು ತರಗತಿ ಶಿಕ್ಷಕರನ್ನು ಕೇಳಿ, ಅವರು ಪತ್ರಿಕೆ ನೋಡಿ ಹೇಳಿದ ಮೇಲೆ ತಿದ್ದಬೇಕು. ನಮ್ಮ ಉದಾಹರಣೆಯಲ್ಲಿ ಪತ್ರಿಕೆಯಲ್ಲೂ 26 ಇತ್ತು, ತಪ್ಪು ಮೊತ್ತದ್ದೇ ಎಂದಿಟ್ಟುಕೊಳ್ಳೋಣ.

ಈ ಆರರಲ್ಲಿ ಅತಿ ಅಪಾಯದ್ದು ದಾವಲಸಾಬನ ಸಾಲು. ಗೈರಿನ ಮನೆ ಬಿಟ್ಟುಹೋಗಿ ವಿಜ್ಞಾನದ 44 ಗಣಿತಕ್ಕೂ, ಸಮಾಜ ವಿಜ್ಞಾನದ 55 ವಿಜ್ಞಾನಕ್ಕೂ ಸರಿದಿವೆ. ಅಂಕಗಳು ಜಾಗ ಬದಲಿಸಿದರೂ ಅವುಗಳ ಮೊತ್ತ ಬದಲಾಗುವುದಿಲ್ಲ, ಹಾಗಾಗಿ ವ್ಯತ್ಯಾಸ ಸೊನ್ನೆಯೇ. ಮೊತ್ತದ ತಾಳೆಯೊಂದನ್ನೇ ನಂಬಿದವರಿಗೆ ಈ ಹುಡುಗ ಗಣಿತ ಪರೀಕ್ಷೆ ಬರೆದಂತೆಯೂ, ಸಮಾಜ ವಿಜ್ಞಾನಕ್ಕೆ ಬಾರದಂತೆಯೂ ಕಾಣುತ್ತಾನೆ. L ಕಾಲಮ್ಮಿನ ಎಣಿಕೆಯನ್ನು ಸೇರಿಸಿರುವುದು ಇದಕ್ಕಾಗಿಯೇ: ಐದು ಸಂಖ್ಯೆ, "ಗೈ" ಒಂದೂ ಇಲ್ಲ, ಆದ್ದರಿಂದ "ನೋಡಿ". ಕೆಲವೊಮ್ಮೆ ಮೊತ್ತವೂ ಒಂದು ಮನೆ ಎಡಕ್ಕೆ ಸರಿದು 283 ಎಂಬುದು ಸಮಾಜ ವಿಜ್ಞಾನದ ಅಂಕವಾಗಿ ಕೂರುತ್ತದೆ. ಆಗ ಅದು ಕೆಂಪಾಗುವುದರಿಂದ ಹಿಡಿಯುವುದು ಸುಲಭ.

ಸಾಲುಗಳಲ್ಲಿ ವ್ಯತ್ಯಾಸ ಸೊನ್ನೆ, ತಾಳೆ "ಸರಿ" ಬಂದ ಮೇಲೂ ಎರಡು ಬಗೆಯ ತಪ್ಪುಗಳು ಉಳಿಯಬಹುದು. ಒಂದೇ ಸಾಲಿನಲ್ಲಿ 58 ಎಂಬುದು 53 ಆಗಿ, 63 ಎಂಬುದು 68 ಆಗಿದ್ದರೆ ಎರಡೂ ಪರಸ್ಪರ ಅಳಿಸಿಹೋಗುತ್ತವೆ. ಇನ್ನೊಂದು, ಓದುವಾಗ ಒಂದು ಸಾಲೇ ಜಿಗಿದು, ಅಲ್ಲಿಂದ ಕೆಳಗೆ ಪ್ರತಿಯೊಬ್ಬರ ಎದುರೂ ಮುಂದಿನವರ ಅಂಕ ಬರುವುದು. ಅಂಕ ಮತ್ತು ಮೊತ್ತ ಜೊತೆಯಲ್ಲೇ ಸರಿಯುವುದರಿಂದ, ಖಾಲಿ ಉಳಿದ ಕೊನೆಯ ಸಾಲನ್ನು ಬಿಟ್ಟರೆ, ತಾಳೆ ಎಲ್ಲವೂ ಸರಿ ಎನ್ನುತ್ತದೆ. ಎರಡನೆಯದಕ್ಕೆ ಕೊನೆಯ ವಿದ್ಯಾರ್ಥಿಯ ಸಾಲನ್ನು ರಿಜಿಸ್ಟರಿನೊಂದಿಗೆ ಹೋಲಿಸಿದರೆ ಸಾಕು, ಸಾಲು ಜಿಗಿದಿದ್ದರೆ ಕೊನೆಯಲ್ಲಿ ಹೊಂದುವುದಿಲ್ಲ. ಮೊದಲನೆಯದಕ್ಕೆ, ರಿಜಿಸ್ಟರಿನ ಅಡಿಯಲ್ಲಿ ವಿಷಯವಾರು ಮೊತ್ತ ಬರೆದಿದ್ದರೆ ಕಾಲಮ್ಮಿನ ಮೊತ್ತವನ್ನು ಅದಕ್ಕೆ ಹೋಲಿಸಿ. ಬರೆದಿಲ್ಲದಿದ್ದರೆ, ತಪ್ಪಾದರೆ ಹೆಚ್ಚು ಪೆಟ್ಟು ಬೀಳುವ ಸಾಲುಗಳನ್ನಾದರೂ ಕಣ್ಣಾರೆ ಓದಿ: ಮೊದಲ ಹತ್ತು ಸ್ಥಾನದವರು, ಮತ್ತು ಯಾವುದೇ ವಿಷಯದಲ್ಲಿ ಕನಿಷ್ಠ ಅಂಕದ ಆಸುಪಾಸಿನಲ್ಲಿರುವವರು.

ರಿಜಿಸ್ಟರಿನಲ್ಲಿ ಮೊತ್ತದ ಕಾಲಮ್ಮೇ ಇಲ್ಲದಿದ್ದರೆ ಸಾಕ್ಷಿಯನ್ನು ನಾವೇ ಹುಟ್ಟಿಸಬೇಕಾಗುತ್ತದೆ. ಇನ್ನೊಬ್ಬರಿಂದ ಅದೇ ಅಂಕಗಳನ್ನು "ಎರಡು" ಎಂಬ ಬೇರೆ ಹಾಳೆಯಲ್ಲಿ, ಅದೇ ಮನೆಗಳಲ್ಲಿ ಟೈಪ್ ಮಾಡಿಸಿ, ಮೂರನೆಯ ಹಾಳೆಯಲ್ಲಿ ಹೋಲಿಸಿ:

```
=IF('ಅಂಕಗಳು'!C4='ಎರಡು'!C4,"","ಬೇರೆ")
```

ಶೇಕಡಾ ಮತ್ತು ಫಲಿತಾಂಶ

M4 ಮತ್ತು N4ರಲ್ಲಿ:

```
=ROUND(J4/J$2*100,2)
=IF(COUNTIF(C4:H4,"ಗೈ")>0,"ಗೈರು",IF(SUMPRODUCT(--(C4:H4<C$3:H$3))=0,"ಉತ್ತೀರ್ಣ","ಅನುತ್ತೀರ್ಣ"))
```

ಎರಡನೆಯ ಸೂತ್ರ ಪ್ರತಿ ವಿಷಯದ ಅಂಕವನ್ನು ಅದರದೇ ಕನಿಷ್ಠ ಅಂಕಕ್ಕೆ ಹೋಲಿಸಿ, ಕಡಿಮೆ ಇರುವ ವಿಷಯಗಳನ್ನು ಎಣಿಸುತ್ತದೆ. ಒಂದೂ ಇಲ್ಲದಿದ್ದರೆ ಉತ್ತೀರ್ಣ. ಇಲ್ಲಿ ಡಾಲರ್ ಗುರುತು ಸಾಲಿನ ಸಂಖ್ಯೆಯ ಮುಂದೆ ಇದೆ ಎಂಬುದನ್ನು ಗಮನಿಸಿ. ಸೂತ್ರವನ್ನು ಕೆಳಗೆ ಎಳೆದಾಗ C4 ಎಂಬುದು C5, C6 ಆಗುತ್ತಾ ಹೋಗಬೇಕು, ಆದರೆ ಕನಿಷ್ಠ ಅಂಕದ ಮೂರನೆಯ ಸಾಲು ಅಲ್ಲಾಡಬಾರದು. ಒಟ್ಟಾರೆ ಶೇಕಡಾ ಆಧರಿಸಿದ ನಿಯಮವೂ ಇದ್ದರೆ M ಕಾಲಮ್ಮನ್ನು ಈ ಸೂತ್ರದಲ್ಲಿ ಸೇರಿಸಿಕೊಳ್ಳಬಹುದು.

ಸ್ಥಾನ

ಎಲ್ಲರೂ ಮೊದಲು ಬರೆಯುವ ಸೂತ್ರ ಇದು:

```
=RANK(J4,J$4:J$45,0)
```

ಇದರಲ್ಲಿ ಡಾಲರ್ ಗುರುತು ಮರೆತರೆ ಏನಾಗುತ್ತದೆ ಎಂದು ತಿಳಿದಿರಬೇಕು. ಕೆಳಗೆ ಎಳೆದಂತೆಲ್ಲ ಹೋಲಿಕೆಯ ವ್ಯಾಪ್ತಿಯೂ ಕೆಳಗೆ ಜಾರುತ್ತದೆ. ಹತ್ತನೆಯ ಹುಡುಗಿಯನ್ನು ತನಗಿಂತ ಕೆಳಗಿನ ಸಾಲಿನವರೊಂದಿಗೆ ಮಾತ್ರ ಹೋಲಿಸಲಾಗುತ್ತದೆ. ಗುರುತಿಸುವುದು ಸುಲಭ. ಆ ಹಾಳೆಯಲ್ಲಿ ಪಟ್ಟಿಯ ಕೊನೆಯ ವಿದ್ಯಾರ್ಥಿ, ಅಂಕ ಎಷ್ಟೇ ಇರಲಿ, ಒಂದನೇ ಸ್ಥಾನದಲ್ಲಿರುತ್ತಾನೆ.

ಡಾಲರ್ ಸರಿಯಿದ್ದರೂ ಈ ಸೂತ್ರ ನಮ್ಮ ಶಾಲೆಗಳ ರೂಢಿಗೆ ಹೊಂದುವುದಿಲ್ಲ. ಒಂದು ವಿಷಯದಲ್ಲಿ ಅನುತ್ತೀರ್ಣನಾದವನಿಗೂ, ಗೈರಾದವನಿಗೂ ಅದು ಸ್ಥಾನ ಕೊಡುತ್ತದೆ. ದಾವಲಸಾಬನಿಗೆ 5, ಮಲ್ಲಪ್ಪನಿಗೆ 6. ಉತ್ತೀರ್ಣರಲ್ಲಿ ಮಾತ್ರ ಸ್ಥಾನ ಬೇಕಾದರೆ O4ರಲ್ಲಿ ಇದನ್ನು ಬರೆಯಿರಿ:

```
=IF(N4="ಉತ್ತೀರ್ಣ",COUNTIFS(N$4:N$45,"ಉತ್ತೀರ್ಣ",J$4:J$45,">"&J4)+1,"-")
```

ಉತ್ತೀರ್ಣರಾದವರಲ್ಲಿ ನನಗಿಂತ ಹೆಚ್ಚು ಅಂಕ ಪಡೆದವರು ಎಷ್ಟು ಜನ, ಅದಕ್ಕೆ ಒಂದು ಕೂಡಿಸಿದರೆ ನನ್ನ ಸ್ಥಾನ. ಸೂತ್ರದ ಅರ್ಥ ಇಷ್ಟೇ. ನಮ್ಮ ಆರು ಸಾಲುಗಳನ್ನು ತಿದ್ದಿದ ಮೇಲೆ ರೇಣುಕಾ ಮತ್ತು ಸಾವಿತ್ರಿ ಇಬ್ಬರಿಗೂ 440, ಇಬ್ಬರೂ 1. ಶಿವಾನಂದ 382ಕ್ಕೆ 3. ಬಸವರಾಜ 367ಕ್ಕೆ 4. ತಿದ್ದದೆ ಬಿಟ್ಟಿದ್ದರೆ ಸಾವಿತ್ರಿ 434ರೊಂದಿಗೆ ಎರಡನೆಯವಳಾಗುತ್ತಿದ್ದಳು, ಮತ್ತು ಶಿವಾನಂದನ ಮೊತ್ತ 320ಕ್ಕೆ ಕುಸಿದು ಅವನು ಬಸವರಾಜನ ಕೆಳಗೆ ಹೋಗುತ್ತಿದ್ದ.

ಇಬ್ಬರು ಒಂದನೆಯವರಾದ ಮೇಲೆ ಮುಂದಿನವನು ಮೂರನೆಯವನೇ, ಎರಡನೆಯವನೇ ಎಂಬ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಮೇಲಿನ ಸೂತ್ರ 1, 1, 3, 4 ಕೊಡುತ್ತದೆ. ಬಹುಮಾನ ವಿತರಣೆಯಲ್ಲಿ ದ್ವಿತೀಯ ಸ್ಥಾನ ಖಾಲಿ ಬಿಡಬಾರದು ಎಂದು ಶಾಲೆ ಬಯಸಿದರೆ 1, 1, 2, 3 ಬರುವಂತೆ ಮಾಡಬಹುದು:

```
=IF(N4="ಉತ್ತೀರ್ಣ",SUMPRODUCT((N$4:N$45="ಉತ್ತೀರ್ಣ")*(J$4:J$45>J4)/COUNTIFS(J$4:J$45,J$4:J$45,N$4:N$45,N$4:N$45))+1,"-")
```

ಇಲ್ಲಿ ಒಂದೇ ಅಂಕದ ಇಬ್ಬರಿದ್ದರೆ ಒಬ್ಬೊಬ್ಬರನ್ನೂ ಅರ್ಧ ಎಂದು, ಮೂವರಿದ್ದರೆ ಮೂರನೇ ಒಂದು ಎಂದು ಎಣಿಸಲಾಗುತ್ತದೆ. ಹೀಗೆ ಅವರೆಲ್ಲ ಸೇರಿ ಒಂದೇ ಮೆಟ್ಟಿಲಾಗುತ್ತಾರೆ.

ಸಮ ಅಂಕ ಬಂದಾಗ ಗಣಿತದಲ್ಲಿ ಹೆಚ್ಚು ಪಡೆದವರನ್ನು ಮುಂದೆ ಇಡುವ ಪದ್ಧತಿ ನಿಮ್ಮಲ್ಲಿದ್ದರೆ:

```
=IF(N4="ಉತ್ತೀರ್ಣ",COUNTIFS(N$4:N$45,"ಉತ್ತೀರ್ಣ",J$4:J$45,">"&J4)+COUNTIFS(N$4:N$45,"ಉತ್ತೀರ್ಣ",J$4:J$45,J4,F$4:F$45,">"&F4)+1,"-")
```

ಆಗ ಗಣಿತದಲ್ಲಿ 77 ಇರುವ ಸಾವಿತ್ರಿ ಒಂದನೆಯವಳು, 68 ಇರುವ ರೇಣುಕಾ ಎರಡನೆಯವಳು. ಇಂಥ ನಿಯಮವನ್ನು ಪರೀಕ್ಷೆಗೆ ಮೊದಲೇ ಮುಖ್ಯೋಪಾಧ್ಯಾಯರು ತಿಳಿಸಿದ್ದರೆ ಮಾತ್ರ ಬಳಸಿ. ಫಲಿತಾಂಶ ಕೈಗೆ ಬಂದ ಮೇಲೆ ನಿಯಮ ಹುಡುಕುವುದು ಒಂದು ಮಗುವಿಗೆ ಅನ್ಯಾಯ. ನನ್ನ ಮಟ್ಟಿಗೆ, ಸಮ ಅಂಕ ಪಡೆದ ಇಬ್ಬರೂ ಸ್ಥಾನ ಹಂಚಿಕೊಳ್ಳುವುದೇ ಸರಿ.

ಸ್ಥಾನವನ್ನು ಸದಾ J ಕಾಲಮ್ಮಿನ ಮೊತ್ತದಿಂದಲೇ ತೆಗೆಯಿರಿ, M ಕಾಲಮ್ಮಿನ ಶೇಕಡಾದಿಂದ ಬೇಡ. ದಶಾಂಶವನ್ನು ಪೂರ್ಣಾಂಕಕ್ಕೆ ಇಳಿಸಿದರೆ 382 ಮತ್ತು 381 ಎರಡೂ 76 ಆಗಿ, ಇಲ್ಲದ ಸಮಬಲ ಹುಟ್ಟುತ್ತದೆ.

ಸ್ಥಾನದ ಕ್ರಮದಲ್ಲಿ ಪಟ್ಟಿ

"ಅಂಕಗಳು" ಹಾಳೆ ಸದಾ ಕ್ರಮಸಂಖ್ಯೆಯ ಪ್ರಕಾರವೇ ಇರಲಿ. ಅಲ್ಲೇ ಸ್ಥಾನದ ಪ್ರಕಾರ ಜೋಡಿಸಲು ಹೋಗಿ ಒಂದೇ ಕಾಲಮ್ಮನ್ನು ಆಯ್ದರೆ ಹೆಸರುಗಳು ನಿಂತಲ್ಲೇ ನಿಂತು ಅಂಕಗಳು ಮಾತ್ರ ಸ್ಥಳ ಬದಲಿಸುವ ಅಪಾಯವಿದೆ. ಗೂಗಲ್ ಶೀಟ್ಸ್‌ನಲ್ಲಿ ಹೊಸ ಹಾಳೆ ತೆರೆದು A2ರಲ್ಲಿ ಇದನ್ನು ಬರೆದರೆ ಸ್ಥಾನಪಟ್ಟಿ ತಾನಾಗಿ ಇಳಿಯುತ್ತದೆ:

```
=SORT('ಅಂಕಗಳು'!A4:O45,15,TRUE)
```

15 ಎಂದರೆ ಹದಿನೈದನೆಯ ಕಾಲಮ್, ಅಂದರೆ O. ಅಡ್ಡಗೆರೆ ಇರುವವರು, ಅಂದರೆ ಅನುತ್ತೀರ್ಣರು ಮತ್ತು ಗೈರಾದವರು, ಕೊನೆಗೆ ಹೋಗುತ್ತಾರೆ. ಹೊಸ ಎಕ್ಸೆಲ್‌ನಲ್ಲಿ `TRUE` ಬದಲು 1 ಬರೆಯಬೇಕು. ಹಳೆಯ ಎಕ್ಸೆಲ್‌ನಲ್ಲಿ ಈ ಸೂತ್ರವೇ ಇಲ್ಲ. ನಾಲ್ಕರಿಂದ 45ನೇ ಸಾಲಿನವರೆಗೆ ಎಲ್ಲ ಕಾಲಮ್‌ಗಳನ್ನೂ ನಕಲು ಮಾಡಿ, ಬೇರೆ ಹಾಳೆಯಲ್ಲಿ `Paste Values` ಮೂಲಕ ಅಂಟಿಸಿ, ಅಲ್ಲಿ ಜೋಡಿಸಿ. ಆದರೆ ಹೀಗೆ ಅಂಟಿಸಿದ ಪಟ್ಟಿ ಆ ಹೊತ್ತಿನದು ಮಾತ್ರ. ನಂತರ ಮೂಲದಲ್ಲಿ ಯಾರದಾದರೂ ಅಂಕ ತಿದ್ದಿದರೆ ಇದು ಬದಲಾಗುವುದಿಲ್ಲ, ಮತ್ತೆ ಅಂಟಿಸಬೇಕು.

ಮುದ್ರಿಸುವಾಗ I, K, L ಕಾಲಮ್‌ಗಳನ್ನು `Hide` ಮಾಡಿ, ಅಳಿಸಬೇಡಿ. I ಅಳಿಸಿದರೆ ವ್ಯತ್ಯಾಸದ ಕಾಲಮ್ಮಿನಲ್ಲಿ `#REF!` ಬರುತ್ತದೆ. ಮರುಎಣಿಕೆಗೆ ಯಾರಾದರೂ ಅರ್ಜಿ ಕೊಟ್ಟಾಗ ನೋಡಲು ಸಾಕ್ಷಿಯೂ ಇರುವುದಿಲ್ಲ. ಮಲ್ಲಪ್ಪನ ಸಾಲಿನಂತೆ ರಿಜಿಸ್ಟರಿನ ಮೊತ್ತವೇ ತಪ್ಪಿದ್ದಲ್ಲಿ, I ಕಾಲಮ್ಮಿನ 249 ಅನ್ನು ಹಾಗೆಯೇ ಬಿಟ್ಟು, ಆ ಮನೆಗೆ "ಪತ್ರಿಕೆ ನೋಡಲಾಗಿದೆ, 239 ಸರಿ" ಎಂದು `Comment` ಹಾಕಿ, ರಿಜಿಸ್ಟರಿನಲ್ಲೂ ತರಗತಿ ಶಿಕ್ಷಕರಿಂದಲೇ ತಿದ್ದಿಸಿ ಸಹಿ ಪಡೆಯಿರಿ.